ಹೆನ್ಲೆಯ ಕುಣಿಕೆ: 200ರ ಮೆಟ್ಟಿಲು ಹತ್ತಿ 1200ಕ್ಕೆ

ರಾಯಚೂರಿನ ಮೇ ಬಿಸಿಲಲ್ಲಿ ದಿನವಿಡೀ ಇಟ್ಟಿಗೆ ಹೊತ್ತು, ಸರಿಯಾಗಿ ನೀರು ಕುಡಿಯದ ಕೂಲಿಕಾರನ ಮೂತ್ರ ಸಂಜೆಯ ಹೊತ್ತಿಗೆ ಕಡು ಹಳದಿಗೆ ತಿರುಗಿರುತ್ತದೆ. ಆರೋಗ್ಯವಂತ ಮೂತ್ರಪಿಂಡ ಅದನ್ನು, ಕರಗಿದ ಕಣಗಳ ಅಳತೆಯಲ್ಲಿ, ಕೆಜಿ ನೀರಿಗೆ ಸುಮಾರು 1200 ಮಿಲಿಆಸ್ಮೋಲ್ ತನಕ ಗಟ್ಟಿ ಮಾಡಬಲ್ಲದು. ಅವನ ರಕ್ತದ ಪ್ಲಾಸ್ಮಾ ಮಾತ್ರ 300ರ ಆಸುಪಾಸಿನಲ್ಲೇ ಇರುತ್ತದೆ. ರಕ್ತಕ್ಕಿಂತ ನಾಲ್ಕು ಪಟ್ಟು ಗಟ್ಟಿಯಾದ ದ್ರವ ಎಲ್ಲಿಂದ ಬಂತು?

ನೀರನ್ನೇ ಹಿಡಿದು ಎಳೆಯುವ ಪಂಪು ನಮ್ಮ ದೇಹದಲ್ಲಿಲ್ಲ. ಉಪ್ಪಿಗೆ ಪಂಪು ಇದೆ, ನೀರು ಉಪ್ಪಿನ ಹಿಂದೆ ಹೋಗುತ್ತದೆ. ಮಾವಿನ ಮಿಡಿಗೆ ಕಲ್ಲುಪ್ಪು ಹಾಕಿಟ್ಟರೆ ಮಿಡಿ ತಾನೇ ನೀರು ಬಿಟ್ಟುಕೊಂಡು ಸುಕ್ಕಾಗುತ್ತದಲ್ಲ, ಅದೇ ಕ್ರಿಯೆ ಇಲ್ಲೂ ನಡೆಯುತ್ತದೆ. ಹಾಗಾದರೆ ಮೂತ್ರ 1200 ಆಗಬೇಕಿದ್ದರೆ, ಅದು ಹರಿದುಹೋಗುವ ದಾರಿಯ ಸುತ್ತಲೂ 1200ರಷ್ಟು ಗಟ್ಟಿಯಾದ ಜಾಗವೊಂದು ಮೊದಲೇ ಸಿದ್ಧವಿರಬೇಕು. ಆ ಜಾಗವೇ ಮೂತ್ರಪಿಂಡದ ಒಳಭಾಗವಾದ ಮೆಡುಲ್ಲಾದ ತುದಿ. ಅದನ್ನು ಕಟ್ಟುವುದು ಹೆನ್ಲೆಯ ಕುಣಿಕೆ, ಮೆಡುಲ್ಲಾಕ್ಕೆ ಇಳಿದು, ತಿರುಗಿ, ಮತ್ತೆ ಏರುವ ಸಣ್ಣ ನಾಳ. ಆದರೆ ಕುಣಿಕೆಯ ಗೋಡೆಯ ಪಂಪು ಒಳಗೂ ಹೊರಗೂ ಸುಮಾರು 200ರಷ್ಟು ವ್ಯತ್ಯಾಸವನ್ನಷ್ಟೇ ಉಂಟುಮಾಡಬಲ್ಲದು. 200ರ ಶಕ್ತಿಯ ಪಂಪಿನಿಂದ 900ರ ಏರಿಕೆ ಹೇಗೆ ಬರುತ್ತದೆ ಎಂಬುದು ಅರ್ಥವಾದರೆ ಉಳಿದದ್ದೆಲ್ಲ ಸುಲಭ.

ಎರಡು ಬಾಹು, ಎರಡು ಸ್ವಭಾವ

ಎರಡೂ ಮೂತ್ರಪಿಂಡ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತವೆ. ಅದರ ಮೂರನೇ ಎರಡು ಭಾಗ ಸೋಸುವ ಘಟಕವಾದ ನೆಫ್ರಾನಿನ ಮೊದಲ ಸುರುಳಿ ನಾಳದಲ್ಲೇ ರಕ್ತಕ್ಕೆ ಮರಳುತ್ತದೆ. ಅಲ್ಲಿ ಉಪ್ಪು, ನೀರು ಎರಡೂ ಜೊತೆಯಾಗಿ ಹೋಗುವುದರಿಂದ ಸಾಂದ್ರತೆ ಬದಲಾಗುವುದಿಲ್ಲ. ಕುಣಿಕೆಯ ಬಾಯಿಗೆ ಬರುವ ದ್ರವ ಇನ್ನೂ 300.

ಇಳಿಯುವ ತೆಳು ಬಾಹುವಿನ ಗೋಡೆಯಲ್ಲಿ ಅಕ್ವಾಪೊರಿನ್-1 ಎಂಬ ನೀರಿನ ಕಿಂಡಿಗಳು ಒತ್ತಾಗಿವೆ. ನೀರು ಸಲೀಸಾಗಿ ಹೊರಬರುತ್ತದೆ, ಉಪ್ಪು ಹೆಚ್ಚಾಗಿ ಒಳಗೇ ಉಳಿಯುತ್ತದೆ. ಏರುವ ಬಾಹು ಇದಕ್ಕೆ ತದ್ವಿರುದ್ಧ: ಉಪ್ಪು ಹೊರಬರುತ್ತದೆ, ನೀರಿಗೆ ದಾರಿಯೇ ಇಲ್ಲ. ಏರುವ ಬಾಹುವಿನ ಮೇಲ್ಭಾಗ ದಪ್ಪ. ಅಲ್ಲಿ ಎನ್‌ಕೆಸಿಸಿ2 ಎಂಬ ವಾಹಕ ಪ್ರೋಟೀನು ಒಂದು ಸೋಡಿಯಂ, ಒಂದು ಪೊಟ್ಯಾಸಿಯಂ, ಎರಡು ಕ್ಲೋರೈಡ್ ಅಯಾನುಗಳನ್ನು ನಾಳದಿಂದ ಕೋಶದೊಳಕ್ಕೆ ಒಟ್ಟಿಗೆ ತರುತ್ತದೆ. ಕೋಶದ ಇನ್ನೊಂದು ಬದಿಯ ಸೋಡಿಯಂ-ಪೊಟ್ಯಾಸಿಯಂ ಪಂಪು ಎಟಿಪಿ ಖರ್ಚು ಮಾಡಿ ಸೋಡಿಯಂ ಅನ್ನು ಹೊರಗಿನ ಅಂಗಾಂಶಕ್ಕೆ ತಳ್ಳುತ್ತದೆ. ಪೊಟ್ಯಾಸಿಯಂನ ಬಹುಪಾಲು ಮತ್ತೆ ನಾಳಕ್ಕೇ ಸೋರುತ್ತದೆ. ಅದು ಹಾಗೆ ಸೋರದಿದ್ದರೆ ನಾಳದಲ್ಲಿರುವ ಅಲ್ಪ ಪೊಟ್ಯಾಸಿಯಂ ಬೇಗ ಮುಗಿದು ವಾಹಕವೇ ನಿಂತುಹೋಗುತ್ತಿತ್ತು. ಸೋಸಿದ ಸೋಡಿಯಂನಲ್ಲಿ ಸುಮಾರು ಕಾಲು ಭಾಗ ಈ ದಪ್ಪ ಬಾಹುವಿನಲ್ಲೇ ಹೊರಬೀಳುತ್ತದೆ.

ಲೆಕ್ಕ ಹಾಕಿ ನೋಡೋಣ

ಒಂದು ಹಾಳೆ ತೆಗೆದುಕೊಂಡು ಕುಣಿಕೆಯನ್ನು ಮೇಲರ್ಧ, ಕೆಳರ್ಧ ಎಂದು ಎರಡು ಮಟ್ಟವಾಗಿ ಗೀಟು ಹಾಕಿ. ಇಳಿಯುವ ಬಾಹು ಮತ್ತು ಸುತ್ತಲಿನ ಅಂಗಾಂಶದ ನಡುವೆ ನೀರು ಬೇಗ ಸಮವಾಗುವುದರಿಂದ ಅವೆರಡನ್ನೂ ಒಂದೇ ಮನೆ ಎಂದುಕೊಳ್ಳಿ. ಏರುವ ಬಾಹು ಇನ್ನೊಂದು ಮನೆ. ಶುರುವಿನಲ್ಲಿ ಎಲ್ಲ ಮನೆಗಳಲ್ಲೂ 300.

ಮೊದಲ ಪಂಪು: ಏರುವ ಬಾಹುವಿನಿಂದ ಉಪ್ಪು ಹೊರಬಿದ್ದು 200ರ ಅಂತರ ಬೀಳುತ್ತದೆ. ಎರಡೂ ಮಟ್ಟಗಳಲ್ಲಿ ಏರುವ ಬಾಹು 200, ಇಳಿಯುವ ಬದಿ 400.

ಮೊದಲ ಹರಿವು: ಮೇಲಿನಿಂದ ಹೊಸ 300ರ ದ್ರವ ನುಗ್ಗುತ್ತದೆ. ಇಳಿಯುವ ಬದಿಯ ಮೇಲರ್ಧ 300 ಆಯಿತು, ಅಲ್ಲಿದ್ದ 400 ಕೆಳಕ್ಕಿಳಿಯಿತು, ಕೆಳಗಿದ್ದ 400 ತಿರುವು ದಾಟಿ ಏರುವ ಬಾಹುವಿನ ಕೆಳರ್ಧ ಸೇರಿತು. ಏರುವ ಬಾಹುವಿನ ಮೇಲರ್ಧದಲ್ಲೀಗ 200.

ಎರಡನೇ ಪಂಪು: ಮೇಲರ್ಧದಲ್ಲಿ 300 ಮತ್ತು 200 ಎದುರುಬದುರು ಇವೆ, ಸರಾಸರಿ 250. 200ರ ಅಂತರ ಬಿದ್ದಾಗ 350 ಮತ್ತು 150. ಕೆಳರ್ಧದಲ್ಲಿ 400 ಎದುರಿಗೆ 400, ಅದು 500 ಮತ್ತು 300 ಆಗುತ್ತದೆ.

ಇಲ್ಲಿ ಸ್ವಲ್ಪ ನಿಲ್ಲಿ. ಯಾವ ಮಟ್ಟದಲ್ಲಿ ನೋಡಿದರೂ ಅಡ್ಡಡ್ಡ ಅಂತರ ಇನ್ನೂ 200 ಮಾತ್ರ. ಪಂಪು ತನ್ನ ಶಕ್ತಿ ಮೀರಿ ಏನನ್ನೂ ಮಾಡಿಲ್ಲ. ಆದರೂ ಮೇಲೆ 350, ಕೆಳಗೆ 500 ಆಗಿದೆ, ಅಂದರೆ ಉದ್ದುದ್ದಕ್ಕೆ ಹೊಸದೊಂದು ಅಂತರ ಹುಟ್ಟಿದೆ. ಕಾರಣ ಇಷ್ಟೇ: ಆಗಲೇ ಗಟ್ಟಿಯಾದ ದ್ರವವನ್ನು ಹರಿವು ತಿರುವಿನಾಚೆ ತಂದು ಪಂಪಿನ ಮುಂದೆ ನಿಲ್ಲಿಸುತ್ತದೆ. ಪಂಪು ಪ್ರತಿ ಸಲ ಹಿಂದಿನ ಸುತ್ತು ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಎರಡು ಬಾಹುಗಳಲ್ಲಿ ಹರಿವು ಎದುರುಬದುರಾಗಿ ಇರುವುದರಿಂದಲೇ ಇದು ಸಾಧ್ಯ, ಆದ್ದರಿಂದಲೇ ಪ್ರತಿಪ್ರವಾಹ ಗುಣಕ ಎಂಬ ಹೆಸರು.

ಸುತ್ತುಗಳನ್ನು ಮುಂದುವರಿಸಿದರೆ ಈ ಎರಡು ಮಟ್ಟದ ಕುಣಿಕೆ ಮೇಲೆ 500, ಕೆಳಗೆ 700ರಲ್ಲಿ ಸ್ಥಿರವಾಗುತ್ತದೆ. ನಾಲ್ಕು ಮಟ್ಟ ಮಾಡಿದರೆ 500, 700, 900, 1100. ಒಂದೊಂದು ಮಟ್ಟ ಸೇರಿದಂತೆ ತುದಿಗೆ ಇನ್ನೊಂದು 200 ಸೇರುತ್ತದೆ. ಕುಣಿಕೆ ಉದ್ದವಿದ್ದಷ್ಟೂ ತುದಿ ಗಟ್ಟಿ ಎಂಬ ಮಾತಿನ ಮೂಲ ಇದು. ಸದಾ ನೀರಲ್ಲಿರುವ ಬೀವರ್‌ನ ಕುಣಿಕೆಗಳು ಗಿಡ್ಡ, ಅದರ ಮೂತ್ರ 500ರ ಆಸುಪಾಸಿಗೆ ನಿಲ್ಲುತ್ತದೆ. ಮರುಭೂಮಿಯ ಕೆಲವು ಇಲಿಗಳ ಮೂತ್ರ ನಮ್ಮದಕ್ಕಿಂತ ಹಲವು ಪಟ್ಟು ಗಟ್ಟಿ.

ಹಾಳೆಯ ಲೆಕ್ಕಕ್ಕೆ ಒಂದು ತಿದ್ದುಪಡಿ ಬೇಕು. ಅದರಲ್ಲಿ ಉಪ್ಪು ಎಲ್ಲೂ ಹೊರಹೋಗುವುದಿಲ್ಲ, ಹಾಗಾಗಿ ಕೊನೆಗೆ 300 ಒಳಬಂದರೆ 300 ಹೊರಹೋಗುತ್ತದೆ. ನಿಜದ ಮೂತ್ರಪಿಂಡದಲ್ಲಿ ರಕ್ತ ಒಂದಿಷ್ಟು ಉಪ್ಪನ್ನು ಹೊತ್ತೊಯ್ಯುತ್ತದೆ, ಆದ್ದರಿಂದ ಕುಣಿಕೆ ಬಿಟ್ಟು ಹೊರಡುವ ದ್ರವ 100ರ ಹತ್ತಿರ ಇರುತ್ತದೆ. ಹೌದು, ಪ್ಲಾಸ್ಮಾಕ್ಕಿಂತ ತೆಳು. ಉತ್ತರಪತ್ರಿಕೆಗಳಲ್ಲಿ ‘ಕುಣಿಕೆಯಲ್ಲಿ ಮೂತ್ರ ಗಟ್ಟಿಯಾಗುತ್ತದೆ’ ಎಂದು ಬರೆಯುವುದು ಇಲ್ಲಿಯೇ ತಪ್ಪುತ್ತದೆ. ಕುಣಿಕೆ ಸುತ್ತಲಿನ ಅಂಗಾಂಶವನ್ನು ಗಟ್ಟಿ ಮಾಡಿ, ತನ್ನೊಳಗಿನ ದ್ರವವನ್ನು ತೆಳುವಾಗಿಸಿ ಕಳಿಸುತ್ತದೆ.

ತುದಿಯ ಅರ್ಧ ಪಾಲು ಯೂರಿಯಾದ್ದು

ಹಾಳೆಯ ಲೆಕ್ಕದಲ್ಲಿ ಪಂಪು ಏರುವ ಬಾಹುವಿನ ಉದ್ದಕ್ಕೂ ಇತ್ತು. ನಿಜದಲ್ಲಿ ದಪ್ಪ ಬಾಹು ಮೆಡುಲ್ಲಾದ ಹೊರವಲಯದಲ್ಲೇ ಶುರುವಾಗಿ ಮೇಲಕ್ಕೆ ಹೋಗುತ್ತದೆ. ಒಳವಲಯದ ತೆಳು ಏರುಬಾಹುವಿನಲ್ಲಿ ಅಂಥ ಬಲವಾದ ಪಂಪಿಲ್ಲ. ಅಷ್ಟು ಆಳಕ್ಕೆ ಇಳಿಯುವ ಉದ್ದ ಕುಣಿಕೆಗಳು ಮನುಷ್ಯರಲ್ಲಿ ಸುಮಾರು 15%.

ಅಲ್ಲಿ ಯೂರಿಯಾ ಕೈಜೋಡಿಸುತ್ತದೆ. ಕುಣಿಕೆಯಾಚೆ ಮೂತ್ರವನ್ನು ಹೊರಕ್ಕೆ ಒಯ್ಯುವ ಸಂಗ್ರಾಹಕ ನಾಳದ ಮೇಲ್ಭಾಗದಿಂದ ನೀರು ಹೊರಹೋಗುತ್ತದೆ, ಯೂರಿಯಾ ಹೋಗಲಾರದೆ ಒಳಗೇ ಗಟ್ಟಿಯಾಗುತ್ತದೆ. ಒಳ ಮೆಡುಲ್ಲಾಕ್ಕೆ ಬಂದಾಗ ಯುಟಿ-ಎ1, ಯುಟಿ-ಎ3 ಎಂಬ ಕಿಂಡಿಗಳ ಮೂಲಕ ಅಂಗಾಂಶಕ್ಕೆ ಸೋರುತ್ತದೆ. ಒಂದು ಪಾಲು ಮತ್ತೆ ಕುಣಿಕೆಯ ತೆಳು ಬಾಹುಗಳನ್ನು ಹೊಕ್ಕು ಅದೇ ದಾರಿಯಲ್ಲಿ ಸುತ್ತುತ್ತದೆ. ತುದಿಯ 1200ರಲ್ಲಿ ಹೆಚ್ಚುಕಡಿಮೆ ಅರ್ಧ ಹೀಗೆ ಕೂಡಿಬಿದ್ದ ಯೂರಿಯಾ. ಈ ಯೂರಿಯಾ ಇಳಿಯುವ ಬಾಹುವಿನಿಂದ ನೀರೆಳೆದು ಒಳಗಿನ ಉಪ್ಪನ್ನು ಗಟ್ಟಿ ಮಾಡುತ್ತದೆ, ತಿರುವಿನಾಚೆ ಆ ಉಪ್ಪು ಪಂಪಿಲ್ಲದೆಯೇ ಹೊರಕ್ಕೆ ವಿಸರಣೆಯಾಗುತ್ತದೆ ಎಂಬುದು 1972ರಲ್ಲಿ ಮುಂದಿಟ್ಟ ವಿವರಣೆ. ಒಳವಲಯದ ಏರಿಕೆಯನ್ನು ಇದೊಂದೇ ಪೂರ್ತಿ ವಿವರಿಸುತ್ತದೆಯೇ ಎಂಬ ಚರ್ಚೆ ವಿಜ್ಞಾನಿಗಳಲ್ಲಿ ಇನ್ನೂ ಮುಗಿದಿಲ್ಲ.

ರಕ್ತ ಇದನ್ನು ತೊಳೆದುಬಿಡುವುದಿಲ್ಲವೇ?

ನೇರ ರಕ್ತನಾಳವೊಂದು ಮೆಡುಲ್ಲಾದ ಮೂಲಕ ಹಾದು ಆಚೆ ಹೊರಟುಹೋದರೆ ಕೂಡಿಟ್ಟ ಉಪ್ಪನ್ನೆಲ್ಲ ಬಳಿದುಕೊಂಡು ಹೋಗುತ್ತಿತ್ತು. ಆದರೆ ಇಲ್ಲಿನ ವಾಸಾ ರೆಕ್ಟಾ ನಾಳಗಳೂ ಕುಣಿಕೆಯ ಹಾಗೆಯೇ ಇಳಿದು, ತಿರುಗಿ, ಏರುತ್ತವೆ. ಇಳಿಯುವಾಗ ರಕ್ತ ನೀರು ಬಿಟ್ಟು ಉಪ್ಪು ಪಡೆಯುತ್ತದೆ, ಏರುವಾಗ ಉಪ್ಪು ಮರಳಿಸಿ ನೀರು ಹಿಡಿಯುತ್ತದೆ. ಹೊರಡುವಾಗ ಬಂದದ್ದಕ್ಕಿಂತ ತುಸುವೇ ಗಟ್ಟಿ. ಈ ನಾಳಗಳು ಏರಿಕೆಯನ್ನು ಕಟ್ಟುವುದಿಲ್ಲ, ಕಾಯುತ್ತವೆ ಅಷ್ಟೇ. ಹರಿವು ನಿಧಾನವಾಗಿರುವುದೂ ಮುಖ್ಯ. ಮೂತ್ರಪಿಂಡಕ್ಕೆ ಬರುವ ರಕ್ತದಲ್ಲಿ ಒಳ ಮೆಡುಲ್ಲಾಕ್ಕೆ ಸಿಗುವುದು ತೀರಾ ಸಣ್ಣ ಪಾಲು. ಇದರ ಬೆಲೆ ಆಮ್ಲಜನಕದ ಕೊರತೆ: ಎಟಿಪಿ ಸುಡುವ ದಪ್ಪ ಬಾಹು ಸದಾ ಕಡಿಮೆ ಆಮ್ಲಜನಕದಲ್ಲೇ ದುಡಿಯುತ್ತದೆ. ರಕ್ತದೊತ್ತಡ ಕುಸಿದಾಗ ಈ ಭಾಗಕ್ಕೆ ಬೇಗ ಏಟು ಬೀಳುವುದು ಇದರಿಂದಲೇ.

ಕೊನೆಯ ನಾಳ, ಎಡಿಎಚ್

ದೇಹದಲ್ಲಿ ನೀರು ಕಡಿಮೆಯಾದಾಗ ಪಿಟ್ಯುಟರಿಯ ಹಿಂಭಾಗದಿಂದ ಎಡಿಎಚ್ ಹಾರ್ಮೋನು ಬರುತ್ತದೆ. ಅದು ಸಂಗ್ರಾಹಕ ನಾಳದ ವಿ2 ಗ್ರಾಹಕಕ್ಕೆ ಕೂತಾಗ, ಕೋಶದೊಳಗೆ ಕಾದಿದ್ದ ಅಕ್ವಾಪೊರಿನ್-2 ಕಿಂಡಿಗಳು ನಾಳದ ಕಡೆಯ ಪೊರೆಗೆ ಬಂದು ಸೇರುತ್ತವೆ. 100ರ ದ್ರವ ಮೊದಲು ಮೂತ್ರಪಿಂಡದ ಹೊರಪದರವಾದ ಕಾರ್ಟೆಕ್ಸ್‌ನಲ್ಲೇ 300ಕ್ಕೆ ಏರುತ್ತದೆ. ನೀರನ್ನಷ್ಟೇ ಲೆಕ್ಕ ಹಿಡಿದರೂ ಅಷ್ಟರಲ್ಲೇ ಗಾತ್ರ ಮೂರನೇ ಒಂದಕ್ಕೆ ಇಳಿಯಿತು. ಇದು ಬಹಳ ಜಾಣ ವ್ಯವಸ್ಥೆ, ಏಕೆಂದರೆ ಅಷ್ಟೂ ನೀರು ಮೆಡುಲ್ಲಾದಲ್ಲಿ ಹೊರಬಿದ್ದಿದ್ದರೆ ಕಟ್ಟಿದ ಏರಿಕೆ ಕರಗಿಹೋಗುತ್ತಿತ್ತು. ಉಳಿದ ಸ್ವಲ್ಪ ದ್ರವ ಮೆಡುಲ್ಲಾಕ್ಕೆ ಇಳಿದು, ಸುತ್ತಲಿನೊಂದಿಗೆ ಸಮವಾಗುತ್ತ 1200 ಮುಟ್ಟುತ್ತದೆ. ಎಡಿಎಚ್ ಇಲ್ಲದಿದ್ದರೆ ಕಿಂಡಿ ಮುಚ್ಚಿರುತ್ತದೆ, ತೆಳು ದ್ರವ ಹಾಗೇ ಹೊರಬೀಳುತ್ತದೆ, 50ರ ತನಕವೂ ಇಳಿಯಬಹುದು.

ದಿನಕ್ಕೆ ಹೊರಹಾಕಬೇಕಾದ ತ್ಯಾಜ್ಯ ಸುಮಾರು 600 ಮಿಲಿಆಸ್ಮೋಲ್ ಎಂದಿಟ್ಟುಕೊಳ್ಳಿ. 1200ರ ಸಾಂದ್ರತೆಯಲ್ಲಿ ಅದಕ್ಕೆ ಅರ್ಧ ಲೀಟರ್ ನೀರು ಸಾಕು. 300ರಲ್ಲಿ ಎರಡು ಲೀಟರ್ ಬೇಕು. ಆ ಇಟ್ಟಿಗೆ ಹೊರುವವನಿಗೆ ಏರಿಕೆ ಕಟ್ಟುವ ಶಕ್ತಿ ಇಲ್ಲದಿದ್ದರೆ, ಬೆವರಿನ ನಷ್ಟದ ಮೇಲೆ ಪ್ರತಿದಿನ ಇನ್ನೂ ಒಂದೂವರೆ ಲೀಟರ್ ಹೆಚ್ಚು ಕುಡಿಯಬೇಕಾಗುತ್ತಿತ್ತು.

ಎಲ್ಲಿ ಕೈಕೊಡುತ್ತದೆ

ಮೂತ್ರ ಹೆಚ್ಚಿಸುವ ಔಷಧ ಫ್ಯೂರೋಸಮೈಡ್ ಎನ್‌ಕೆಸಿಸಿ2 ವಾಹಕವನ್ನೇ ತಡೆಯುತ್ತದೆ. ಉಪ್ಪು ಹೊರಬೀಳದೆ ಏರಿಕೆ ಕುಸಿಯುತ್ತದೆ, ದ್ರವ ತೆಳುವಾಗುವುದೂ ನಿಲ್ಲುತ್ತದೆ. ಹಾಗಾಗಿ ಮೂತ್ರ 300ರ ಆಸುಪಾಸಿನಲ್ಲೇ ಸಿಕ್ಕಿಬಿದ್ದು ಧಾರಾಳವಾಗಿ ಬರುತ್ತದೆ. ಅಲ್ಲಿ ಎಡಿಎಚ್ ಎಷ್ಟಿದ್ದರೂ ನೀರನ್ನು ಎಳೆಯಲು ಹೊರಗೆ ಉಪ್ಪೇ ಇರುವುದಿಲ್ಲ. ಡಯಾಬಿಟಿಸ್ ಇನ್ಸಿಪಿಡಸ್‌ನಲ್ಲಿ ಇದರ ತಿರುವುಮುರುವು: ಕುಣಿಕೆ ಸರಿಯಿದೆ, ಎಡಿಎಚ್ ಬರುತ್ತಿಲ್ಲ, ಅಥವಾ ನಾಳ ಅದಕ್ಕೆ ಓಗೊಡುತ್ತಿಲ್ಲ. ಬಹುಕಾಲ ಲಿಥಿಯಂ ತೆಗೆದುಕೊಂಡವರಲ್ಲಿ ಎರಡನೇ ಬಗೆ ಕಾಣಿಸುತ್ತದೆ. ಆದರೆ ದಿನಗಟ್ಟಲೆ ವಿಪರೀತ ನೀರು ಕುಡಿದವರಲ್ಲಿ ಯೂರಿಯಾ, ಉಪ್ಪು ಎರಡೂ ತೊಳೆದುಹೋಗಿರುತ್ತವೆ. ಅಂಥವರಿಗೆ ಎಡಿಎಚ್ ಹಾಗೆಯೇ ಕೆಲಸ ಮಾಡುವ ಡೆಸ್ಮೋಪ್ರೆಸಿನ್ ಕೊಟ್ಟರೂ ಮೂತ್ರ ಪೂರ್ತಿ ಗಟ್ಟಿಯಾಗುವುದಿಲ್ಲ, ಪರೀಕ್ಷೆಯ ಫಲಿತಾಂಶ ಓದುವವರು ನಾಳದ ದೋಷವೆಂದು ತಪ್ಪು ತಿಳಿಯುವ ಸಂಭವವಿದೆ. ಊಟದಲ್ಲಿ ಪ್ರೋಟೀನು ತೀರಾ ಕಡಿಮೆಯಾದರೂ ಯೂರಿಯಾ ಸಾಲದೆ ತುದಿಯ ಸಾಂದ್ರತೆ ಇಳಿಯುತ್ತದೆ.

ಮೈಸೂರು, ಚಾಮರಾಜನಗರ, ಕೊಡಗಿನ ಆದಿವಾಸಿ ಸಮುದಾಯಗಳಲ್ಲಿ ಕಾಣುವ ಸಿಕಲ್ ಸೆಲ್ ಕಾಯಿಲೆಯೂ ಇಲ್ಲಿಗೇ ಬಂದು ತಾಗುತ್ತದೆ. ವಾಸಾ ರೆಕ್ಟಾದೊಳಗೆ ಆಮ್ಲಜನಕ ಕಡಿಮೆ, ಸುತ್ತಲೂ ಉಪ್ಪು ಹೆಚ್ಚು. ಕೆಂಪು ರಕ್ತಕಣಗಳು ಕುಡುಗೋಲಿನಾಕಾರಕ್ಕೆ ತಿರುಗಲು ಇದಕ್ಕಿಂತ ಅನುಕೂಲದ ಜಾಗವಿಲ್ಲ. ನಾಳಗಳು ಕಟ್ಟಿಕೊಂಡು ಒಳ ಮೆಡುಲ್ಲಾ ಹಾಳಾಗುತ್ತದೆ. ಮೂತ್ರ ಗಟ್ಟಿಯಾಗದೆ ಮಕ್ಕಳು ರಾತ್ರಿ ಹಾಸಿಗೆ ಒದ್ದೆ ಮಾಡುವುದು, ಬೇಗ ನಿರ್ಜಲೀಕರಣಕ್ಕೆ ಒಳಗಾಗುವುದು ಇದರ ಫಲ. ನಿರ್ಜಲೀಕರಣವಾದಷ್ಟೂ ಕಣಗಳು ಇನ್ನಷ್ಟು ಬಾಗುತ್ತವೆ. ಆದ್ದರಿಂದ ಈ ಮಕ್ಕಳಿಗೆ ಬಾಯಾರಿಕೆಗೆ ಕಾಯದೆ ನೀರು ಕೊಡುತ್ತಲೇ ಇರಬೇಕು. ಹಾಸಿಗೆ ಒದ್ದೆಯಾಗುತ್ತದೆಂದು ಸಂಜೆಯ ನೀರನ್ನು ತಡೆಯಬಾರದು.