ದಸರಾ–ದೀಪಾವಳಿ ಸೇಲ್: ನಮ್ಮ ಬೊಟಿಕ್‌ನ ಪ್ಲಾನ್

ಮೈಸೂರು, 6 ಸೆಪ್ಟೆಂಬರ್ 2025

ಅಕ್ಕಾ,

ನಿನ್ನೆ ರಾತ್ರಿ ಕೂತು ಪೂರ್ತಿ ಲೆಕ್ಕ ಹಾಕಿದೆ. ಸೇಲ್ ಸೆಪ್ಟೆಂಬರ್ 22ಕ್ಕೆ, ನವರಾತ್ರಿಯ ಮೊದಲ ದಿನವೇ ಶುರು ಮಾಡೋಣ. ನಾಳಿದ್ದಿನಿಂದ ಪಿತೃಪಕ್ಷ. ಮಹಾಲಯ ಅಮಾವಾಸ್ಯೆವರೆಗೆ ಹೊಸ ಬಟ್ಟೆಗೆ ಯಾರೂ ಜಾಸ್ತಿ ಬರೋದಿಲ್ಲ, ಅಲ್ವಾ? ಆ ಎರಡು ವಾರ ನಾವು ತಯಾರಿ ಮಾಡಿಕೊಳ್ಳೋಣ.

ಸ್ಟಾಕ್: ಯುಗಾದಿಗೆ ತಂದ ಕುರ್ತಿಗಳಲ್ಲಿ 180 ಉಳಿದಿವೆ. ಎಕ್ಸ್‌ಎಲ್, ಡಬಲ್ ಎಕ್ಸ್‌ಎಲ್ ಬರೀ 22. ಕೇಳುವವರು ಆ ಸೈಜೇ ಜಾಸ್ತಿ ಕೇಳುತ್ತಾರೆ, ಅದಕ್ಕೆ ಇನ್ನೂ 40 ತರಿಸೋಣ. ಕಾಟನ್ ಸೀರೆ 60, ಅನಾರ್ಕಲಿ 35, ಮಕ್ಕಳ ಲಂಗ-ಬ್ಲೌಸ್ 50 ಸಾಕು. ಮಾಲು 15ರೊಳಗೆ ಅಂಗಡಿಗೆ ಬರಬೇಕು.

ರಿಯಾಯಿತಿ: ಹಳೇ ಕುರ್ತಿಗೆ 30%. 999 ರೂಪಾಯಿಯದು 699 ಆಗುತ್ತದೆ. ನಮಗೆ ಬಿದ್ದಿರುವುದು 450, ಹಾಗಾಗಿ ತೆರಿಗೆ ಕಳೆದರೂ ಕೈಯಲ್ಲಿ ಸ್ವಲ್ಪ ಉಳಿಯುತ್ತದೆ. ಹೊಸ ಸೀರೆಗೆ ರಿಯಾಯಿತಿ ಬೇಡ, ಫಾಲ್ ಮತ್ತು ಜಿಗ್‌ಜಾಗ್ ಉಚಿತವಾಗಿ ಮಾಡಿಕೊಡೋಣ.

ಅನಾರ್ಕಲಿ ಲೆಕ್ಕವನ್ನು ಮಾತ್ರ ಗಮನ ಇಟ್ಟು ನೋಡು. 22ರಿಂದ ಜಿಎಸ್‌ಟಿ ಬದಲಾಗುತ್ತಿದೆ. ಸಿದ್ಧ ಉಡುಪಿನ ಬೆಲೆ 2,500 ರೂಪಾಯಿವರೆಗೆ ಇದ್ದರೆ 5%, ದಾಟಿದರೆ 18%. ತೆರಿಗೆ ಬಿಟ್ಟು 2,900 ಇರುವ ಅನಾರ್ಕಲಿಗೆ ಗಿರಾಕಿ 3,422 ಕೊಡಬೇಕು. 10% ಬಿಟ್ಟರೆ 2,610, ಆಗಲೂ 18%. 15% ಬಿಟ್ಟರೆ 2,465ಕ್ಕೆ ಇಳಿಯುತ್ತದೆ, ತೆರಿಗೆ 5% ಸೇರಿ ಅವರು ಕೊಡೋದು 2,588. ನಾವು ಬಿಡೋದು 435, ಅವರಿಗೆ ಉಳಿಯೋದು 834! ಆದ್ದರಿಂದ ಇದಕ್ಕೆ 15% ಅಂತ ಗಟ್ಟಿ ಮಾಡಿದ್ದೇನೆ. ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿ ಹೊಸ ದರವನ್ನು 21ರ ರಾತ್ರಿಯೇ ಹಾಕಿಸಬೇಕು.

ಜನ: ನಮ್ಮ ಮೂವರು ಹುಡುಗಿಯರಿಗೆ ಸಂಜೆ ನಿಭಾಯಿಸಲು ಆಗೋದಿಲ್ಲ. ಕಾಲೇಜು ಹುಡುಗಿಯರಿಬ್ಬರನ್ನು ಮಧ್ಯಾಹ್ನ 3ರಿಂದ 8ರವರೆಗೆ, ದಿನಕ್ಕೆ 400ರಂತೆ ಕರೆಯೋಣ. ಎಂಟಕ್ಕೆ ಬಾಗಿಲು ಹಾಕಿಬಿಡೋಣ, ದೀಪಾಲಂಕಾರ ನೋಡುವವರಿಂದ ರಸ್ತೆ ತುಂಬಿದರೆ ಅವರಿಗೆ ಮನೆ ಸೇರೋದು ಕಷ್ಟ. ಆಯುಧಪೂಜೆಯ ದಿನ ಮಧ್ಯಾಹ್ನದವರೆಗೆ ಮಾತ್ರ, ವಿಜಯದಶಮಿಗೆ ಎಲ್ಲರಿಗೂ ರಜೆ. ಹೋದ ವರ್ಷ ಬ್ಲೌಸ್ ತಡವಾಗಿ ಮೂರು ಜನ ಬೇಜಾರು ಮಾಡಿಕೊಂಡರು, ನನಗೆ ಇನ್ನೂ ಅದು ಮನಸ್ಸಿನಲ್ಲಿದೆ. ಈ ಸಲ ದಸರೆಯ ಹೊಲಿಗೆ ಆರ್ಡರ್ 24ಕ್ಕೆ, ದೀಪಾವಳಿಯದು ಅಕ್ಟೋಬರ್ 11ಕ್ಕೆ ನಿಲ್ಲಿಸೋಣ.

ಪ್ರಚಾರ: 14ಕ್ಕೆ ಫೋಟೋ ತೆಗೆಯೋದು. 18ಕ್ಕೆ ಹಳೇ ಗಿರಾಕಿಗಳಿಗೆ ವಾಟ್ಸಾಪ್ ಮೆಸೇಜ್, 19ಕ್ಕೆ ಇನ್‌ಸ್ಟಾಗ್ರಾಂ ರೀಲ್. 21 ಭಾನುವಾರ, ಪೇಪರ್ ಜೊತೆ ಕುವೆಂಪುನಗರದ ಸುತ್ತ 2,000 ಪಾಂಪ್ಲೆಟ್. ಎಲ್ಲಾ ಸೇರಿ 9,000 ರೂಪಾಯಿ ದಾಟಬಾರದು.

ಮೊದಲ ಸುತ್ತು ಅಕ್ಟೋಬರ್ 1ಕ್ಕೆ ಮುಗಿಯುತ್ತದೆ. ಉಳಿದದ್ದನ್ನು ಎಣಿಸಿ, 10ರಿಂದ 19ರವರೆಗೆ ದೀಪಾವಳಿ ಸುತ್ತು. ಹುಡುಗಿಯರ ಬೋನಸ್ ಮಾತ್ರ 15ಕ್ಕೇ ಕೊಡೋಣ, ಅವರೂ ಹಬ್ಬಕ್ಕೆ ಬಟ್ಟೆ ತಗೋಬೇಕಲ್ಲ. ಟೈಲರ್ ಮಾಸ್ಟರ್ ಹತ್ತಿರ ನೀನೇ ಮಾತಾಡು, ನಿನ್ನ ಮಾತು ತೆಗೆದುಹಾಕೋದಿಲ್ಲ. ಸೋಮವಾರ ನಾನು ಮಾಲಿಗೆ ಆರ್ಡರ್ ಕೊಡುತ್ತೇನೆ.