ಹೋಮ್‌ವರ್ಕ್ ಬಗ್ಗೆ ಪೋಷಕರಿಗೆ ಪತ್ರ

ಪ್ರೀತಿಯ ಪೋಷಕರೇ,

ನಮಸ್ಕಾರ. ಹೋದ ವಾರದ ಪೋಷಕರ ಸಭೆಯಲ್ಲಿ ಎರಡು ಮಾತು ಮತ್ತೆ ಮತ್ತೆ ಬಂದವು. ‘ರಾತ್ರಿ ಹತ್ತು ಗಂಟೆಯಾದರೂ ಮಗಳು ಬರೀತಾನೇ ಇರ್ತಾಳೆ’ ಅಂತ ಕೆಲವರು ಹೇಳಿದಿರಿ. ‘ಕೆಲವು ದಿನ ಡೈರಿಯಲ್ಲಿ ಏನೂ ಇರಲ್ಲ, ಟೀಚರ್ ಮರೆತುಬಿಟ್ರಾ?’ ಅಂತ ಇನ್ನು ಕೆಲವರು ಕೇಳಿದಿರಿ. ಇದುವರೆಗೆ ಒಬ್ಬೊಬ್ಬ ಟೀಚರ್ ಒಂದೊಂದು ರೀತಿ ಹೋಮ್‌ವರ್ಕ್ ಕೊಡುತ್ತಿದ್ದರು. ಅದು ನಮ್ಮ ತಪ್ಪು. ಬರುವ ಸೋಮವಾರದಿಂದ ಇಡೀ ಶಾಲೆಗೆ ಒಂದೇ ನಿಯಮ ಇರುತ್ತದೆ.

ಒಂದು ಮತ್ತು ಎರಡನೇ ತರಗತಿಗೆ ಬರೆಯುವ ಹೋಮ್‌ವರ್ಕ್ ಇಲ್ಲ. ದಿನಕ್ಕೆ ಹತ್ತು ನಿಮಿಷ ಮಗುವಿನ ಪಕ್ಕ ಕೂತು ಏನಾದರೂ ಓದಿ, ಅಥವಾ ಮಗು ಓದುವುದನ್ನು ಕೇಳಿ, ಅಷ್ಟು ಸಾಕು. ಮೂರರಿಂದ ಐದನೇ ತರಗತಿಗೆ ಸೋಮವಾರ, ಮಂಗಳವಾರ, ಗುರುವಾರ ಹೋಮ್‌ವರ್ಕ್ ಇರುತ್ತದೆ, ಅರ್ಧ ಗಂಟೆಗೆ ಮೀರದಂತೆ. ಆರು, ಏಳನೇ ತರಗತಿಗೂ ಇದೇ ಮೂರು ದಿನ, ಒಂದು ಗಂಟೆಯ ಒಳಗೆ. ಈ ಹೊತ್ತು ಎಲ್ಲ ವಿಷಯಗಳೂ ಸೇರಿ, ಒಂದೊಂದು ವಿಷಯಕ್ಕೆ ಅಲ್ಲ. ಯಾರು ಎಷ್ಟು ಕೊಟ್ಟಿದ್ದಾರೆ ಎಂದು ಟೀಚರ್‌ಗಳು ಸ್ಟಾಫ್ ರೂಮಿನ ಬೋರ್ಡ್ ಮೇಲೆ ಬರೆಯುತ್ತಾರೆ. ಅವತ್ತಿನ ಹೊತ್ತು ತುಂಬಿದ್ದರೆ ಇನ್ನೊಬ್ಬರು ಕೊಡುವಂತಿಲ್ಲ.

ಚಿಕ್ಕವರಿಗೆ ಯಾಕೆ ಇಷ್ಟು ಕಡಿಮೆ ಅಂತ ನಿಮಗೆ ಅನಿಸಬಹುದು. ಅಮೆರಿಕದ ಮನೋವಿಜ್ಞಾನಿ ಹ್ಯಾರಿಸ್ ಕೂಪರ್ ಮತ್ತು ಅವರ ಜೊತೆಗಾರರು ಹೋಮ್‌ವರ್ಕ್ ಕುರಿತ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿ 2006ರಲ್ಲಿ ಹೀಗೆ ಬರೆದರು. ಹೋಮ್‌ವರ್ಕ್‌ಗೂ ಕಲಿಕೆಗೂ ಇರುವ ನಂಟು ದೊಡ್ಡ ತರಗತಿಗಳಲ್ಲಿ ಗಟ್ಟಿಯಾಗಿ ಕಾಣುತ್ತದೆ, ಚಿಕ್ಕ ತರಗತಿಗಳಲ್ಲಿ ಅಷ್ಟಾಗಿ ಕಾಣುವುದಿಲ್ಲ. ಏಳು ವರ್ಷದ ಮಗುವಿಗೆ ಜಾಸ್ತಿ ಬರೆಸಿದರೆ ಕೈ ನೋಯುತ್ತದೆ, ಪುಸ್ತಕ ಕಂಡರೆ ಬೇಸರ ಬರುತ್ತದೆ. ಇದನ್ನು ನಾವು ಕಣ್ಣಾರೆ ಕಂಡಿದ್ದೇವೆ.

ಇನ್ನು ಹೋಮ್‌ವರ್ಕ್ ಇಲ್ಲದ ದಿನಗಳು. ಬುಧವಾರ, ಶುಕ್ರವಾರ ಮತ್ತು ರಜಾದಿನಗಳಲ್ಲಿ ಯಾವ ತರಗತಿಗೂ ಹೋಮ್‌ವರ್ಕ್ ಇಲ್ಲ. ಪರೀಕ್ಷೆಯ ಹಿಂದಿನ ದಿನ, ಪ್ರವಾಸದಿಂದ ಮರಳಿದ ದಿನವೂ ಇಲ್ಲ. ಇದು ಮರೆವಲ್ಲ, ಬೇಕೆಂದೇ ಬಿಟ್ಟಿರುವುದು. ಕಲಿತದ್ದು ಎಷ್ಟು ಬೇಗ ಮರೆತುಹೋಗುತ್ತದೆ ಎಂದು ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬಿಂಗ್‌ಹೌಸ್ ತಮ್ಮ ಮೇಲೇ ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದರು. ಒಂದೇ ದಿನ ಉರು ಹೊಡೆಯುವುದಕ್ಕಿಂತ, ನಡುವೆ ಬಿಡುವು ಕೊಟ್ಟು ಮತ್ತೆ ನೋಡಿದರೆ ಜಾಸ್ತಿ ನೆನಪಿರುತ್ತದೆ ಎಂಬುದೂ ಅವರಿಗೆ ಕಂಡಿತು. ಆದ್ದರಿಂದಲೇ ಸೋಮವಾರ ಮಾಡಿದ ಭಾಗಾಕಾರದಂಥ ಎರಡು ಲೆಕ್ಕ ಗುರುವಾರ ಮತ್ತೆ ಬರುತ್ತವೆ. ‘ಇದು ಆಗಲೇ ಆಯ್ತಲ್ಲ’ ಅಂತ ಮಗು ಹೇಳಿದರೆ, ‘ಹೌದು, ನೋಡದೆ ಮಾಡ್ತೀಯಾ ನೋಡೋಣ’ ಅನ್ನಿ. ಬಿಡುವಿನ ಸಂಜೆ ಮಗು ಆಡಲಿ, ಮನೆಯವರ ಜೊತೆ ಹರಟಲಿ, ಬೇಗ ಮಲಗಲಿ. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ 9ರಿಂದ 12 ಗಂಟೆ ನಿದ್ದೆ ಬೇಕು. ದಯವಿಟ್ಟು ಆ ಸಂಜೆಯನ್ನು ಬೇರೆ ವರ್ಕ್‌ಬುಕ್ ಕೊಟ್ಟು ತುಂಬಬೇಡಿ.

ಒಂದು ಸಂಗತಿ ಹೇಳಲೇಬೇಕು. ಕಳೆದ ವರ್ಷ ನಾಲ್ಕನೇ ತರಗತಿಯ ಒಂದು ನೋಟ್‌ಬುಕ್‌ನಲ್ಲಿ ಆರು ಲೆಕ್ಕ ಮಗುವಿನ ಅಕ್ಷರದಲ್ಲಿತ್ತು, ಏಳನೆಯದರಿಂದ ಅಮ್ಮನ ಅಕ್ಷರ. ಎಲ್ಲ ಉತ್ತರವೂ ಸರಿ. ಆ ಅಮ್ಮ ಎಷ್ಟು ಸುಸ್ತಾಗಿದ್ದರೋ, ಮಗು ಎಷ್ಟು ಅತ್ತಿತ್ತೋ. ಮಗುವಿಗೆ ಭಾಗಾಕಾರದ ನಡುವೆ ಕಳೆಯುವಾಗ ಸಾಲ ತೆಗೆಯುವುದು ಗೊತ್ತಿಲ್ಲ ಎಂದು ನಮಗೆ ತಿಳಿದದ್ದು ಒಂದು ತಿಂಗಳಾದ ಮೇಲೆ. ತಪ್ಪಾದ ಉತ್ತರ ಇದ್ದಿದ್ದರೆ ಮರುದಿನವೇ ಕೂರಿಸಿ ಹೇಳಿಕೊಡುತ್ತಿದ್ದೆವು.

ಹಾಗಾಗಿ ಗಡಿಯಾರ ನೋಡಿ. ಹೊತ್ತು ಮುಗಿದರೆ, ಎಷ್ಟೇ ಬಾಕಿ ಇದ್ದರೂ ಪುಸ್ತಕ ಮುಚ್ಚಿಸಿ. ಡೈರಿಯಲ್ಲಿ ‘ಅರ್ಧ ಗಂಟೆ ಕೂತಿದ್ದಾನೆ, ಮೂರು ಲೆಕ್ಕ ಉಳಿದಿದೆ’ ಎಂದು ಬರೆದು ಸಹಿ ಹಾಕಿ. ಮಗುವಿಗೆ ಶಿಕ್ಷೆ ಇಲ್ಲ, ಬೈಗುಳ ಇಲ್ಲ. ವಾರದಲ್ಲಿ ಎರಡು ಸಲ ಹೀಗಾದರೆ ಟೀಚರೇ ನಿಮಗೆ ಫೋನ್ ಮಾಡುತ್ತಾರೆ. ಪ್ರಶ್ನೆ ಅರ್ಥವಾಗದಿದ್ದರೆ ಬಿಡಿಸಿ ಹೇಳಿ, ಉತ್ತರ ಮಾತ್ರ ಅವರೇ ಬರೆಯಲಿ. ಮಗು ಹುಷಾರಿಲ್ಲದೆ ರಜೆ ಹಾಕಿದರೆ ಆ ದಿನದ ಹೋಮ್‌ವರ್ಕ್ ಮಾಡಿಸಬೇಕಾಗಿಲ್ಲ. ಪ್ರಾಜೆಕ್ಟ್ ಇದ್ದರೆ ಒಂದು ವಾರ ಮುಂಚೆ ತಿಳಿಸುತ್ತೇವೆ. ಅದಕ್ಕೆ ಅಂಗಡಿಯಿಂದ ಏನನ್ನೂ ಕೊಳ್ಳಬೇಕಿಲ್ಲ.

ಈ ನಿಯಮ ನಿಮ್ಮ ಮನೆಗೆ ಹೊಂದದಿದ್ದರೆ ಬಂದು ಹೇಳಿ. ಮೂರು ತಿಂಗಳಾದ ಮೇಲಿನ ಪೋಷಕರ ಸಭೆಯಲ್ಲಿ ನಿಮ್ಮ ಅನುಭವ ಕೇಳಿ, ಬದಲಿಸಬೇಕಾದ್ದನ್ನು ಬದಲಿಸುತ್ತೇವೆ. ಅಲ್ಲಿಯವರೆಗೆ ಗುರುವಾರ ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ ನಾನು ಆಫೀಸಿನಲ್ಲಿ ಸಿಗುತ್ತೇನೆ.

ಇಂತಿ ನಿಮ್ಮ,
ಮುಖ್ಯೋಪಾಧ್ಯಾಯಿನಿ