ವಿಷಯ: 2024-25ರ ಮೂರನೇ ಕ್ವಾರ್ಟರ್ 26Qನಲ್ಲಿ ನನ್ನ ಪ್ಯಾನ್ ತಪ್ಪಾಗಿದೆ, ₹24,000 ಟಿಡಿಎಸ್ ನನಗೆ ಸಿಕ್ಕಿಲ್ಲ

ಮೇಡಂ, ನಮಸ್ಕಾರ.

ಫೋನಿನಲ್ಲಿ ಮಾತಾಡಿದ್ದು ಎಲ್ಲಿಗೂ ಮುಟ್ಟಲಿಲ್ಲ, ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದು ಕಳಿಸುತ್ತಿದ್ದೇನೆ. ಇದನ್ನು ಹಾಗೇ ನಿಮ್ಮ ಆಡಿಟರ್‌ಗೆ ಫಾರ್ವರ್ಡ್ ಮಾಡಿದರೂ ಸಾಕು.

ನಿಮ್ಮ ಯಂತ್ರಗಳ ಕೈಪಿಡಿ ಅನುವಾದಕ್ಕೆ ಕಳೆದ ವರ್ಷ ಅಕ್ಟೋಬರ್, ನವೆಂಬರ್, ಡಿಸೆಂಬರ್ ತಿಂಗಳಿಗೆ ₹80,000ದ ಮೂರು ಬಿಲ್ ಕೊಟ್ಟಿದ್ದೆ. ಪ್ರತಿ ಬಿಲ್ಲಿಗೂ 194J ಪ್ರಕಾರ 10% ಹಿಡಿದು ₹72,000 ಹಾಕಿದಿರಿ. ಹಿಡಿದದ್ದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಆ ₹24,000 ನನ್ನ ತೆರಿಗೆ ಜಮೆ ತೋರಿಸುವ 26ASನಲ್ಲಿ ಇಲ್ಲವೇ ಇಲ್ಲ. ಜನವರಿಯಿಂದ ಮಾರ್ಚ್‌ವರೆಗಿನದು ಮಾತ್ರ ಸರಿಯಾಗಿ ಕಾಣುತ್ತಿದೆ, ಅಂದರೆ ನನ್ನ ಸರಿಯಾದ ಪ್ಯಾನ್ ನಿಮ್ಮ ಹತ್ತಿರ ಇದೆ ಅಂತಾಯ್ತು.

ನೀವು ವಾಟ್ಸಾಪ್‌ನಲ್ಲಿ ಕಳಿಸಿದ 26Q ಸ್ಟೇಟ್‌ಮೆಂಟಿನ ಫೋಟೋ ದೊಡ್ಡದು ಮಾಡಿ ನೋಡಿದೆ. ನನ್ನ ಹೆಸರು ಸರಿ, ಮೊತ್ತ ಸರಿ, ತಾರೀಖೂ ಸರಿ. ಪ್ಯಾನ್‌ನ ನಾಲ್ಕು ಅಂಕಿಗಳಲ್ಲಿ ಕೊನೆಯ ಎರಡು 74 ಇರಬೇಕು, ಅಲ್ಲಿ 47 ಅಂತ ಟೈಪ್ ಆಗಿದೆ. ಮೂರು ಸಾಲಲ್ಲೂ ಅದೇ, ಮೊದಲನೆಯದನ್ನು ಕಾಪಿ ಮಾಡಿ ಕೆಳಗೆ ಎರಡು ಸಲ ಪೇಸ್ಟ್ ಮಾಡಿದ ಹಾಗಿದೆ.

"ಚಲನ್ ಕಟ್ಟಿದ್ದೇವೆ ಸರ್, ನಮ್ಮ ಕಡೆಯಿಂದ ಎಲ್ಲ ಕ್ಲಿಯರ್" ಅಂದಿರಿ. ಚಲನ್ ಕಟ್ಟಿದ್ದೀರಿ, ನಂಬುತ್ತೇನೆ. ಆದರೆ ಚಲನ್ ಹೇಳುವುದು ಸರ್ಕಾರಕ್ಕೆ ದುಡ್ಡು ಮುಟ್ಟಿತು ಅಂತ ಮಾತ್ರ, ಅದು ಯಾರ ದುಡ್ಡು ಅಂತ ಹೇಳುವುದು 26Q. ಹುಂಡಿಗೆ ಹಾಕಿದ ದುಡ್ಡಿನ ಮೇಲೆ ಯಾರ ಹೆಸರೂ ಇರುವುದಿಲ್ಲ ಅಲ್ವಾ, ಈಗ ನನ್ನ ₹24,000ದ ಕಥೆ ಹಾಗಾಗಿದೆ.

ಎಕ್ಸೆಲ್‌ನಲ್ಲಿ ಮಾಡಿ ಸೀಲು ಹೊಡೆದು ಕಳಿಸಿದ 16A ಟಿಡಿಎಸ್ ಸರ್ಟಿಫಿಕೇಟಿನಿಂದ ನನಗೆ ಉಪಯೋಗವಿಲ್ಲ, ದಯವಿಟ್ಟು ಇನ್ನೊಂದು ಮಾಡಿ ಕಳಿಸಬೇಡಿ. 16A ತೆರಿಗೆ ಇಲಾಖೆಯ ಪೋರ್ಟಲ್ ಟ್ರೇಸಸ್‌ನಿಂದಲೇ ಡೌನ್‌ಲೋಡ್ ಆಗಬೇಕು, ಅದರ ಮೇಲೆ ಸರ್ಟಿಫಿಕೇಟ್ ನಂಬರ್ ಇರಬೇಕು. ಪ್ಯಾನ್ ವ್ಯಾಲಿಡ್ ಅಲ್ಲದಿದ್ದರೆ ಟ್ರೇಸಸ್ ಅದನ್ನು ಕೊಡುವುದೇ ಇಲ್ಲ, ಬಹುಶಃ ಅದಕ್ಕೇ ನಿಮಗೆ ಅದು ಸಿಕ್ಕಿಲ್ಲ. ಹಾಗಿದ್ದರೆ ನಿಮ್ಮ ಟ್ರೇಸಸ್ ಲಾಗಿನ್‌ನಲ್ಲಿ ಶಾರ್ಟ್ ಡಿಡಕ್ಷನ್ ಡಿಮ್ಯಾಂಡ್ ಕೂಡ ಬಿದ್ದಿರಬಹುದು, ಒಮ್ಮೆ ನೋಡಿ. ಪ್ಯಾನ್ ಇಲ್ಲ ಅಂತ ಲೆಕ್ಕ ಹಿಡಿದರೆ 206AA ಪ್ರಕಾರ 20% ಹಿಡಿಯಬೇಕಿತ್ತು ಅಂತ ಕೇಳುತ್ತಾರೆ. ಅಂದರೆ ಇನ್ನೊಂದು ₹24,000, ಈ ಸಲ ನಿಮ್ಮ ಜೇಬಿನಿಂದ, ಮೇಲೆ ಬಡ್ಡಿ ಬೇರೆ. ಪ್ಯಾನ್ ತಿದ್ದಿದರೆ ಅದೂ ಹೋಗುತ್ತದೆ.

ಆಗಬೇಕಾದ ಕೆಲಸ ಇಷ್ಟೇ: 2024-25ರ ಮೂರನೇ ಕ್ವಾರ್ಟರ್ 26Qಗೆ ಕರೆಕ್ಷನ್ ಸ್ಟೇಟ್‌ಮೆಂಟ್ ಹಾಕಿ, ಆ ಮೂರು ಸಾಲಿನಲ್ಲಿ ಪ್ಯಾನ್ ಬದಲಾಯಿಸಿ. ಡಿಜಿಟಲ್ ಸಿಗ್ನೇಚರ್ ಇದ್ದರೆ ಟ್ರೇಸಸ್‌ನಲ್ಲಿ ಆನ್‌ಲೈನ್ ಕರೆಕ್ಷನ್ ಆಗುತ್ತದೆ. ಇಲ್ಲದಿದ್ದರೆ ಕನ್ಸೋ ಫೈಲ್ ಡೌನ್‌ಲೋಡ್ ಮಾಡಿ, ತಿದ್ದಿ, ಮತ್ತೆ ಅಪ್‌ಲೋಡ್ ಮಾಡಬಹುದು. ಚಲನ್ ಮುಟ್ಟಬೇಕಾಗಿಲ್ಲ, ಹೊಸದಾಗಿ ತೆರಿಗೆ ಕಟ್ಟಬೇಕಾಗಿಲ್ಲ. ಮಾಡಿ ಅಭ್ಯಾಸ ಇರುವವರಿಗೆ ದೊಡ್ಡ ಕೆಲಸವೇ ಅಲ್ಲ.

ನನಗೆ ಅವಸರ ಯಾಕೆ ಅಂದರೆ, ರಿಟರ್ನ್‌ನಲ್ಲಿ ಆ ₹24,000 ಕ್ಲೇಮ್ ಮಾಡಿದ್ದೆ, ಅದು 26ASನಲ್ಲಿ ಇಲ್ಲ ಅಂತ ತೆಗೆದುಹಾಕಿ, ಬಡ್ಡಿ ಸೇರಿಸಿ 143(1)ರಲ್ಲಿ ನನ್ನ ಮೇಲೇ ಡಿಮ್ಯಾಂಡ್ ಕಳಿಸಿದ್ದಾರೆ. ಹಿಡಿದ ತೆರಿಗೆಯನ್ನು ಮತ್ತೆ ನನ್ನಿಂದ ಕೇಳುವಂತಿಲ್ಲ ಅಂತ ಸೆಕ್ಷನ್ 205 ಹೇಳುತ್ತದೆ, ಆ ಉತ್ತರ ಪೋರ್ಟಲ್‌ನಲ್ಲಿ ಹಾಕಿದ್ದೇನೆ. ಆದರೆ ಸೆಕ್ಷನ್ ಎಷ್ಟೇ ಹೇಳಿದರೂ 26ASನಲ್ಲಿ ಎಂಟ್ರಿ ಕಾಣುವ ತನಕ ಕಂಪ್ಯೂಟರ್ ಕೇಳುವುದಿಲ್ಲ. ಎಂಟ್ರಿ ಬಂದ ಮೇಲೆ ನಾನು 154ರಲ್ಲಿ ರೆಕ್ಟಿಫಿಕೇಷನ್ ಹಾಕುತ್ತೇನೆ, ಅದು ನನ್ನ ಪಾಡು.

ಇದೇ ತಿಂಗಳ 20ರ ಒಳಗೆ ಕರೆಕ್ಷನ್ ಹಾಕಿ, ಅದರ ಟೋಕನ್ ನಂಬರ್ ಈ ಮೇಲ್‌ಗೇ ಉತ್ತರವಾಗಿ ಕಳಿಸಿ. ಆಮೇಲೆ ಟ್ರೇಸಸ್‌ನಿಂದ 16A. ಅಷ್ಟರಲ್ಲಿ ಆಗದಿದ್ದರೆ ನಿಮ್ಮ ಟಿಡಿಎಸ್ ಅಧಿಕಾರಿಗೆ ಬರೆಯಬೇಕಾಗುತ್ತದೆ. ತಪ್ಪು ಮಾಹಿತಿ ಇರುವ ಸ್ಟೇಟ್‌ಮೆಂಟಿಗೆ 271Hನಲ್ಲಿ ₹10,000ದಿಂದ ₹1 ಲಕ್ಷದವರೆಗೆ ದಂಡ ಇದೆ. ಅಲ್ಲಿಗೆ ಹೋಗುವ ಮನಸ್ಸು ನನಗಿಲ್ಲ, ನಿಮ್ಮ ಜೊತೆ ಇನ್ನೂ ಕೆಲಸ ಮಾಡುವವನು ನಾನು.

ಪ್ಯಾನ್ ಕಾರ್ಡ್, ಮೂರು ಬಿಲ್, ಬ್ಯಾಂಕ್ ಸ್ಟೇಟ್‌ಮೆಂಟ್, 26AS, 143(1) ಎಲ್ಲ ಲಗತ್ತಿಸಿದ್ದೇನೆ. ಪ್ಯಾನ್ ಟೈಪ್ ಮಾಡುವಾಗ ಕಾರ್ಡ್ ನೋಡಿಕೊಂಡೇ ಮಾಡಿ, ಹಳೇ ಶೀಟ್‌ನಿಂದ ಕಾಪಿ ಬೇಡ.

ಇಂತಿ,
ಸುಧೀಂದ್ರ